ವಾರದ ತರಕಾರಿ ಬುಟ್ಟಿ, ಹಂಗಾಮಿನ ಬುಟ್ಟಿ, ತಿಂಗಳ ತಿನಿಸಿನ ಡಬ್ಬಿ: ನಮ್ಮ ಸೀಮೆಯಲ್ಲಿ ಯಾವುದು ಯಾರಿಗೆ ಹೊಂದುತ್ತದೆ?

ಬಳ್ಳಾರಿ, ಕೊಪ್ಪಳ, ರಾಯಚೂರು ನಗರಗಳಲ್ಲಿ, ತೋರಣಗಲ್ಲು ಮತ್ತು ಶಕ್ತಿನಗರದಂತಹ ಸಂಬಳದಾರರ ಕಾಲೊನಿಗಳಲ್ಲಿ, ಪ್ರತಿ ವಾರವೋ ಪ್ರತಿ ತಿಂಗಳೋ ಮನೆ ಬಾಗಿಲಿಗೆ ಸಾಮಾನು ಬರಲಿ ಎಂದು ಮುಂಗಡ ಕೊಡಲು ಸಿದ್ಧರಿರುವ ಮನೆಗಳು ಸಿಗುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ತರಕಾರಿ ಬೆಳೆಯುವ ಸಣ್ಣ ರೈತರು, ರೊಟ್ಟಿ ಮತ್ತು ಚಟ್ನಿಪುಡಿ ಮಾಡುವ ಮಹಿಳಾ ಸಂಘಗಳು ಇಂಥ ಖಾಯಂ ಆರ್ಡರ್ ಹಿಡಿಯಲು ಹೊರಟಾಗ ಅವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿರುತ್ತವೆ. ಮೊದಲನೆಯದು ವರ್ಷವಿಡೀ ನಿಲ್ಲದೆ ನಡೆಯುವ ವಾರದ ತರಕಾರಿ ಬುಟ್ಟಿ. ಎರಡನೆಯದು ನವೆಂಬರಿನಿಂದ ಫೆಬ್ರುವರಿವರೆಗೆ, ಅಂದರೆ ಸುಮಾರು ಹದಿನಾರು ವಾರ ಮಾತ್ರ ನಡೆದು ನಿಲ್ಲುವ ಹಂಗಾಮಿನ ಬುಟ್ಟಿ. ಮೂರನೆಯದು ತಿಂಗಳಿಗೊಮ್ಮೆ ಹೋಗುವ ತಿನಿಸಿನ ಡಬ್ಬಿ.

ಈ ಮೂರನ್ನು ಹೋಲಿಸುವಾಗ ಬಹಳ ಮಂದಿ ಗಿರಾಕಿ ಎಷ್ಟು ಸಿಗುತ್ತಾರೆ, ಬೆಲೆ ಎಷ್ಟಿಡಬಹುದು ಎಂಬ ಪ್ರಶ್ನೆಗಳಿಂದ ಆರಂಭಿಸುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಕೊಡುತ್ತೇನೆಂದು ಒಪ್ಪಿಕೊಂಡದ್ದು ಯಾವ ಜಾಗದಲ್ಲಿ ತಪ್ಪಿಹೋಗುವ ಸಂಭವವಿದೆ? ತರಕಾರಿ ಬುಟ್ಟಿ ತಪ್ಪುವುದು ಹೊಲದಲ್ಲಿ. ಬೇಡಿಕೆ ಸ್ಥಿರವಾಗಿರುತ್ತದೆ, ಮನೆಯವರು ಪ್ರತಿ ವಾರ ಪಲ್ಲೆ ಉಣ್ಣಲೇಬೇಕು, ಆದರೆ ಹೊಲ ವಾರವಾರಕ್ಕೂ ಒಂದೇ ಸಮನಾಗಿ ಕೊಡುವುದಿಲ್ಲ. ತಿನಿಸಿನ ಡಬ್ಬಿ ತಪ್ಪುವುದು ಗಿರಾಕಿಯ ಅಡುಗೆಮನೆಯಲ್ಲಿ. ಒಲೆಯ ಮೇಲೆ ಮಾಡುವುದನ್ನು ಎಷ್ಟು ಬೇಕಾದರೂ ಮಾಡಬಹುದು, ಆದರೆ ಹೋದ ತಿಂಗಳ ಚಕ್ಕಲಿ ಡಬ್ಬಿಯಲ್ಲಿ ಹಾಗೆಯೇ ಉಳಿದಿದ್ದರೆ ಈ ತಿಂಗಳಿನದನ್ನು ಯಾರೂ ಸಂತೋಷದಿಂದ ತೆಗೆದುಕೊಳ್ಳುವುದಿಲ್ಲ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ಲೆಕ್ಕಗಳೆಲ್ಲ ಅದರ ಹಿಂದೆ ಬರುತ್ತವೆ.

ತರಕಾರಿ ಬುಟ್ಟಿ: ಬುಟ್ಟಿಯ ದಿನದಿಂದ ಹಿಂದಕ್ಕೆ ಎಣಿಸುವುದು

ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ನೋಡೋಣ. ಕೊಳವೆಬಾವಿ ಮತ್ತು ಹನಿ ನೀರಾವರಿ ಇರುವ ಒಂದು ಎಕರೆ ಕೆಂಪು ಮಣ್ಣಿನ ಹೊಲವಿದೆ, ನಗರದಲ್ಲಿ ನಲವತ್ತು ಮನೆಗಳು ಒಪ್ಪಿವೆ, ಮೊದಲ ಬುಟ್ಟಿ ನವೆಂಬರ್ ಮೊದಲ ವಾರ ಹೋಗಬೇಕು ಎಂದಿಟ್ಟುಕೊಳ್ಳಿ. ಬುಟ್ಟಿಯಲ್ಲಿ ಅರ್ಧ ಕಿಲೊ ಬೆಂಡೆಕಾಯಿ, ಅರ್ಧ ಕಿಲೊ ಬದನೆಕಾಯಿ, ಒಂದು ಕಿಲೊ ಟೊಮೆಟೊ, ಒಂದು ಕಿಲೊ ಉಳ್ಳಾಗಡ್ಡಿ, ಹೀರೇಕಾಯಿ ಅಥವಾ ಚವಳಿಕಾಯಿ, ಹಸಿಮೆಣಸಿನಕಾಯಿ, ಎರಡು ಸಿವುಡು ತಪ್ಪಲು ಪಲ್ಲೆ ಇರುತ್ತವೆ. ಒಟ್ಟು ನಾಲ್ಕೂವರೆ ಕಿಲೊದ ಆಸುಪಾಸು.

ಬದನೆ ಮತ್ತು ಟೊಮೆಟೊ ಸಸಿ ಮಡಿಯಲ್ಲಿ ಸುಮಾರು ಒಂದು ತಿಂಗಳು ಬೆಳೆಯಬೇಕು, ನಾಟಿಯಾದ ಮೇಲೆ ಮೊದಲ ಕಾಯಿ ಕೈಗೆ ಸಿಗಲು ಇನ್ನೂ ಅರವತ್ತೈದು ಎಪ್ಪತ್ತು ದಿನ ಬೇಕು. ಅಂದರೆ ನವೆಂಬರ್ ಮೊದಲ ವಾರದ ಬುಟ್ಟಿಗೆ ಬೀಜ ಬೀಳಬೇಕಾದದ್ದು ಜುಲೈ ಕೊನೆಯ ವಾರದಲ್ಲಿ. ಗಿರಾಕಿಗಳು ಸಾಮಾನ್ಯವಾಗಿ ಹೆಸರು ಬರೆಸುವುದು ದಸರೆಯ ನಂತರ. ಈ ಎರಡು ದಿನಾಂಕಗಳ ನಡುವಿನ ಅಂತರದಿಂದ ಒಂದು ಮಾತು ಸ್ಪಷ್ಟವಾಗುತ್ತದೆ: ಎಷ್ಟು ಮನೆಗಳಿಗೆ ಕೊಡುತ್ತೇವೆ ಎಂಬುದನ್ನು ಗಿರಾಕಿಗಳ ಪಟ್ಟಿ ಕೈಗೆ ಬರುವ ಮೊದಲೇ ನಿರ್ಧರಿಸಿರಬೇಕಾಗುತ್ತದೆ. ಮೊದಲ ವರ್ಷ ಇಪ್ಪತ್ತು ಮನೆಗಳಿಗೆ ಸಾಲುವಷ್ಟು ನಾಟಿ ಮಾಡಿ, ಹೆಚ್ಚು ಮನೆಗಳು ಬಂದರೆ ಮುಂದಿನ ಹಂಗಾಮಿನ ಪಟ್ಟಿಗೆ ಹೆಸರು ಬರೆದುಕೊಳ್ಳುವುದು ಸುರಕ್ಷಿತವಾದ ಕ್ರಮ. ನಲವತ್ತು ಮನೆಗಳ ಈ ಉದಾಹರಣೆಯನ್ನು ಎರಡನೆಯ ವರ್ಷದ್ದೆಂದು ಭಾವಿಸಿದರೆ ಒಳ್ಳೆಯದು.

ಈಗ ಬೆಂಡೆಕಾಯಿಯನ್ನೇ ಹತ್ತಿರದಿಂದ ನೋಡೋಣ, ಏಕೆಂದರೆ ವಾರದ ಬುಟ್ಟಿಯ ಕಷ್ಟ ಬೆಂಡೆಯಲ್ಲಿ ಕಾಣುವಷ್ಟು ಬೇರೆ ಯಾವುದರಲ್ಲೂ ಕಾಣುವುದಿಲ್ಲ. ನಲವತ್ತು ಮನೆಗಳಿಗೆ ಅರ್ಧ ಕಿಲೊದಂತೆ ವಾರಕ್ಕೆ ಬೇಕಾದದ್ದು ಇಪ್ಪತ್ತು ಕಿಲೊ. ಆದರೆ ಬೆಂಡೆ ವಾರಕ್ಕೊಮ್ಮೆ ಬಿಡಿಸುವ ಬೆಳೆಯಲ್ಲ. ದಿನ ಬಿಟ್ಟು ದಿನ ಬಿಡಿಸಲೇಬೇಕು. ಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಮುರಿದಾಗ ಟಪ್ಪೆಂದು ಮುರಿದರೆ ಎಳೆಯದು, ಬಾಗಿ ನಾರು ಕಂಡರೆ ಬಲಿತದ್ದು. ನಾಲ್ಕು ದಿನ ಗಿಡದಲ್ಲೇ ಬಿಟ್ಟ ಕಾಯಿ ಬುಟ್ಟಿಗೆ ಹೋಗಲು ಯೋಗ್ಯವಾಗಿರುವುದಿಲ್ಲ, ಮಾತ್ರವಲ್ಲ, ಬಲಿತ ಕಾಯಿ ಗಿಡದ ಮೇಲಿದ್ದರೆ ಹೊಸ ಹೂವು ಕಡಿಮೆಯಾಗುತ್ತದೆ. ಚೆನ್ನಾಗಿ ಬಂದ ಬೆಳೆಯಲ್ಲಿ ಒಂದು ಗುಂಟೆಗೆ ಒಂದು ಬಿಡಿಸುವಿಕೆಗೆ ಮೂರು ಕಿಲೊ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಬಹುದು. ಎಲ್ಲ ನಲವತ್ತು ಬುಟ್ಟಿಗಳನ್ನು ಶನಿವಾರವೇ ಕೊಡುವುದಾದರೆ, ಶುಕ್ರವಾರದ ಒಂದೇ ಬಿಡಿಸುವಿಕೆಯಿಂದ ಇಪ್ಪತ್ತು ಕಿಲೊ ಬರಬೇಕು, ಅದಕ್ಕೆ ಏಳು ಗುಂಟೆ ಬೆಂಡೆ ಬೇಕು. ಆ ಏಳು ಗುಂಟೆ ವಾರವಿಡೀ ಸೇರಿ ಎಪ್ಪತ್ತು ಕಿಲೊಗಿಂತ ಹೆಚ್ಚು ಕೊಡುತ್ತದೆ, ಬುಟ್ಟಿಗೆ ಹೋಗುವುದು ಅದರಲ್ಲಿ ಇಪ್ಪತ್ತು ಮಾತ್ರ. ಉಳಿದ ಐವತ್ತು ಕಿಲೊ ಸಂತೆಗೋ ದಲ್ಲಾಳಿ ಅಂಗಡಿಗೋ ಸಿಕ್ಕ ಬೆಲೆಗೆ ಹೋಗುತ್ತದೆ.

ಅದೇ ನಲವತ್ತು ಮನೆಗಳನ್ನು ಇಪ್ಪತ್ತರಂತೆ ಬುಧವಾರ ಮತ್ತು ಶನಿವಾರಕ್ಕೆ ಹಂಚಿದರೆ ಒಂದು ದಿನಕ್ಕೆ ಬೇಕಾದದ್ದು ಹತ್ತು ಕಿಲೊ, ಸಾಕಾಗುವುದು ನಾಲ್ಕು ಗುಂಟೆ, ಹೊರಗೆ ಮಾರಬೇಕಾದದ್ದು ವಾರಕ್ಕೆ ಇಪ್ಪತ್ತು ಕಿಲೊದ ಸಮೀಪ. ಬಂಡಿ ಎರಡು ಸಲ ಓಡಬೇಕೆಂಬ ಕಾರಣಕ್ಕೆ ಒಂದೇ ದಿನ ಎಲ್ಲವನ್ನೂ ಮುಗಿಸಲು ಬಯಸುವವರು ಈ ಲೆಕ್ಕವನ್ನು ಒಮ್ಮೆ ಬರೆದು ನೋಡಬೇಕು. ಕಾಲೊನಿಗಳು ಎರಡು ದಿಕ್ಕಿನಲ್ಲಿದ್ದರೆ ದಿಕ್ಕಿಗೊಂದು ದಿನ ಗೊತ್ತುಮಾಡಿದಾಗ ಓಡಾಟದ ಖರ್ಚು ಹೆಚ್ಚೇನೂ ಏರುವುದಿಲ್ಲ. ಎರಡು ದಿನಗಳ ಹಂಚಿಕೆ ನನ್ನ ದೃಷ್ಟಿಯಲ್ಲಿ ಈ ಕೆಲಸದಲ್ಲಿ ಸಿಗುವ ಅತಿ ದೊಡ್ಡ ಉಳಿತಾಯ.

ಬೆಂಡೆ ಬಿತ್ತಿದ ನಲವತ್ತೈದರಿಂದ ಐವತ್ತು ದಿನಕ್ಕೆ ಮೊದಲ ಕಾಯಿ ಕೊಡುತ್ತದೆ, ಆರೇಳು ವಾರ ಚೆನ್ನಾಗಿ ಕೊಟ್ಟು ಇಳಿಮುಖವಾಗುತ್ತದೆ. ಹೀಗಾಗಿ ಹದಿನಾರು ವಾರಗಳ ಹಂಗಾಮಿಗೆ ಎರಡು ಬಿತ್ತನೆ ಬೇಕು: ಮೊದಲನೆಯದು ಸೆಪ್ಟೆಂಬರ್ ನಡುವಿನಲ್ಲಿ, ಎರಡನೆಯದು ಅಕ್ಟೋಬರ್ ಕೊನೆಯ ವಾರದಲ್ಲಿ. ಎರಡನೆಯ ಬಿತ್ತನೆ ಕಾಯಿಗೆ ಬರುವುದು ಡಿಸೆಂಬರ್ ಮೂರನೆಯ ವಾರದ ಚಳಿಯಲ್ಲಿ. ಆಗ ಗಿಡ ನಿಧಾನವಾಗುತ್ತದೆ, ಗುಂಟೆಗೆ ಮೂರರ ಬದಲು ಎರಡು ಕಿಲೊ ಎಂದೇ ಹಿಡಿಯಬೇಕು, ಆದ್ದರಿಂದ ಎರಡನೆಯ ಸಲ ನಾಲ್ಕರ ಬದಲು ಐದು ಗುಂಟೆ ಬಿತ್ತಬೇಕು. ಎರಡನೆಯ ತುಂಡನ್ನು ಮೊದಲನೆಯದರ ಮಗ್ಗುಲಲ್ಲಿ ಬಿತ್ತಬಾರದು. ಹಳೆಯ ಗಿಡಗಳಲ್ಲಿ ಎಲೆಯ ನರಗಳು ಹಳದಿಯಾಗುವ ರೋಗ ಸೇರಿಕೊಂಡಿದ್ದರೆ ಬಿಳಿನೊಣ ಅದನ್ನು ಎಳೆಯ ಗಿಡಗಳಿಗೆ ತಲುಪಿಸುತ್ತದೆ, ಮತ್ತು ಆ ರೋಗ ಹತ್ತಿದ ಎಳೆಯ ಬೆಂಡೆಯಿಂದ ಬುಟ್ಟಿ ತುಂಬುವ ಆಸೆಯನ್ನು ಬಿಡಬೇಕಾಗುತ್ತದೆ.

ಐದು ಗುಂಟೆ, ಗುಂಟೆಗೆ ಎರಡು ಕಿಲೊ, ದಿನಕ್ಕೆ ಇಪ್ಪತ್ತು ಮನೆ: ಈ ಲೆಕ್ಕ ಹತ್ತು ಕಿಲೊಗೆ ಸರಿಯಾಗಿ ಕೂರುತ್ತದೆ, ಮೇಲೆ ಒಂದು ಕಿಲೊ ಕೂಡ ಉಳಿಯುವುದಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗಿನ ಈ ವಾರಗಳೇ ಹಂಗಾಮಿನ ಅತಿ ಬಡ ವಾರಗಳು. ಮನೆಗಳ ಸಂಖ್ಯೆಯನ್ನು ಈ ವಾರಗಳನ್ನು ನೋಡಿ ನಿಗದಿ ಮಾಡಬೇಕೇ ಹೊರತು, ನವೆಂಬರಿನಲ್ಲಿ ಹೊಲ ತುಂಬಿ ತುಳುಕುವಾಗ ಅಲ್ಲ. ನವೆಂಬರಿನ ಸಮೃದ್ಧಿ ನೋಡಿ ಇನ್ನೂ ಹದಿನೈದು ಮನೆಗಳನ್ನು ಸೇರಿಸಿಕೊಂಡವರು ಸಂಕ್ರಾಂತಿಯ ಹೊತ್ತಿಗೆ ಪೇಟೆಯಲ್ಲಿ ಹೆಚ್ಚಿನ ಬೆಲೆಗೆ ಕೊಂಡು ಬುಟ್ಟಿ ತುಂಬಬೇಕಾಗುತ್ತದೆ.

ಸೊಪ್ಪಿನ ಲೆಕ್ಕ ಇದಕ್ಕಿಂತ ಸರಳ, ಆದರೆ ಶಿಸ್ತು ಹೆಚ್ಚು ಬೇಡುತ್ತದೆ. ಮೆಂತ್ಯ ಇಪ್ಪತ್ತೆಂಟು ದಿನಕ್ಕೆ ಕೀಳಲು ಬರುತ್ತದೆ ಎಂದಿಟ್ಟುಕೊಂಡರೆ ಪ್ರತಿ ವಾರ ಒಂದು ಮಡಿ ಬಿತ್ತುತ್ತಾ ಹೋಗಬೇಕು, ಯಾವ ಹೊತ್ತಿಗೆ ನೋಡಿದರೂ ನಾಲ್ಕು ಮಡಿಗಳು ನಾಲ್ಕು ಎತ್ತರದಲ್ಲಿ ಬೆಳೆಯುತ್ತಿರಬೇಕು. ಮನೆಗೆ ಹೋಗುವ ಎರಡು ಸಿವುಡಿನಲ್ಲಿ ಒಂದು ಮೆಂತ್ಯದ್ದೆಂದು ಹಿಡಿದರೆ ನಲವತ್ತು ಸಿವುಡಿಗೆ, ಸಿವುಡಿಗೆ ಇನ್ನೂರು ಗ್ರಾಂನಂತೆ, ಎಂಟು ಕಿಲೊ ಬೇಕು. ಚದರ ಮೀಟರಿಗೆ ಮುಕ್ಕಾಲು ಕಿಲೊದಂತೆ ಹಿಡಿದು ಸ್ವಲ್ಪ ಹೆಚ್ಚು ಸೇರಿಸಿದರೆ ಹದಿಮೂರು ಚದರ ಮೀಟರಿನ ಮಡಿ ಸಾಕು. ಒಂದು ವಾರದ ಬಿತ್ತನೆ ತಪ್ಪಿದರೆ ಅದರ ಪರಿಣಾಮ ಆ ವಾರ ಕಾಣುವುದಿಲ್ಲ, ನಾಲ್ಕು ವಾರಗಳ ನಂತರ ಬುಟ್ಟಿಯಲ್ಲಿ ಸೊಪ್ಪಿಲ್ಲದೆ ಕಾಣುತ್ತದೆ. ಮದುವೆ, ಜಾತ್ರೆಗೆಂದು ಊರು ಬಿಟ್ಟು ಹೋಗುವಾಗ ಬಿತ್ತುವ ಕೆಲಸವನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕು. ಕೊತ್ತಂಬರಿಗೆ ಇನ್ನೂ ಹತ್ತು ದಿನ ಹೆಚ್ಚು ಬೇಕು. ಪಾಲಕ್ ಒಮ್ಮೆ ಬಿತ್ತಿದರೆ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಮತ್ತೆ ಮತ್ತೆ ಕೊಯ್ಯಲು ಬರುವುದರಿಂದ ಬಿತ್ತನೆ ತಪ್ಪಿದ ವಾರಕ್ಕೆ ಅದೇ ಆಸರೆ.

ಉಳ್ಳಾಗಡ್ಡಿಯನ್ನು ವಾರವಾರಕ್ಕೆಂದು ಬೆಳೆಯುವ ಪ್ರಯತ್ನ ಬೇಡ. ಅದನ್ನು ಎ.ಪಿ.ಎಂ.ಸಿ.ಯಲ್ಲಿ ಚೀಲದ ಲೆಕ್ಕದಲ್ಲಿ ಕೊಂಡು, ಇದು ಕೊಂಡು ತಂದದ್ದು ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಯಾವ ಮನೆಯವರೂ ತಕರಾರು ಮಾಡುವುದಿಲ್ಲ. ಹೇಳದೆ ಕೊಂಡು ತುಂಬಿದ ಬದನೆಕಾಯಿಯ ಬಗ್ಗೆ ತಕರಾರು ಬರುತ್ತದೆ.

ವರ್ಷವಿಡೀ ಕೊಡಬೇಕೆ, ಹಂಗಾಮಿಗಷ್ಟೇ ಕೊಡಬೇಕೆ

ವರ್ಷವಿಡೀ ಬುಟ್ಟಿ ಕೊಡುತ್ತೇನೆ ಎನ್ನುವವರು ಏಪ್ರಿಲ್ ಮತ್ತು ಮೇ ತಿಂಗಳನ್ನು ಎದುರಿಟ್ಟುಕೊಂಡು ಯೋಚಿಸಬೇಕು. ನಮ್ಮಲ್ಲಿ ಆ ಎರಡು ತಿಂಗಳು ಬಿಸಿಲು ನಲವತ್ತು ಡಿಗ್ರಿ ದಾಟುವುದು ಸಾಮಾನ್ಯ. ಅಷ್ಟು ಬಿಸಿಲಿಗೆ ಟೊಮೆಟೊ ಹೂವು ಉದುರಿಸುತ್ತದೆ, ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ಏಳುತ್ತದೆ, ಬೆಳಿಗ್ಗೆ ಕಿತ್ತ ಮೆಂತ್ಯ ಹಸಿ ಗೋಣಿಯಲ್ಲಿ ಸುತ್ತಿದರೂ ಮಧ್ಯಾಹ್ನಕ್ಕೆ ಬಾಡುತ್ತದೆ. ತಾಳಿಕೊಳ್ಳುವುದು ಚವಳಿಕಾಯಿ, ಹೀರೇಕಾಯಿ, ಬೆಂಡೆ, ಪುಂಡಿಪಲ್ಲೆ, ರಾಜಗಿರಿ ಮತ್ತು ನುಗ್ಗೆ. ಇವಿಷ್ಟರಿಂದಲೇ ಎಂಟು ವಾರ ಬುಟ್ಟಿ ತುಂಬಿದರೆ ಮೂರನೆಯ ವಾರಕ್ಕೆ ಮನೆಗಳಿಂದ ‘ಮತ್ತೆ ಚವಳಿಕಾಯಿಯೇ’ ಎಂಬ ಮಾತು ಬರುತ್ತದೆ.

ನೀರಿನ ಮಾತು ಇನ್ನೂ ಗಂಭೀರವಾದದ್ದು. ತುಂಗಭದ್ರಾ ಎಡದಂಡೆ ಮತ್ತು ಬಲದಂಡೆ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಗಂಗಾವತಿ, ಸಿಂಧನೂರು, ಮಾನ್ವಿ, ಕಂಪ್ಲಿ, ಸಿರುಗುಪ್ಪದ ಕಡೆ ಹೊಲವಿರುವವರಿಗೆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗುವುದು ಗೊತ್ತಿರುವ ಸಂಗತಿ. ಅದರ ಮೇಲೆ ಎಣಿಸದ ಸಂಗತಿಗಳೂ ನಡೆಯುತ್ತವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತುಂಬಿದ ಅಣೆಕಟ್ಟೆಯಿಂದ ನೀರು ನದಿಗೆ ಹರಿದಾಗ, ಆ ಹಂಗಾಮಿಗೆ ನೀರು ಸಿಗುತ್ತದೆಯೇ ಎಂದು ಇಡೀ ಅಚ್ಚುಕಟ್ಟು ದಿನಗಟ್ಟಲೆ ಕಾದು ಕುಳಿತಿತ್ತು. ಆ ಆಗಸ್ಟ್ ಎರಡನೆಯ ವಾರವೇ ನವೆಂಬರ್ ಬುಟ್ಟಿಯ ಬದನೆ ಮತ್ತು ಟೊಮೆಟೊ ಸಸಿಗಳು ಮಡಿಯಲ್ಲಿರುವ ಕಾಲ ಎಂಬುದನ್ನು ಗಮನಿಸಬೇಕು. ಕಾಲುವೆ ನೀರನ್ನು ನಂಬಿ ಭತ್ತ ಹಾಕುವುದು ಬೇರೆ, ಮನೆಗಳಿಂದ ಮುಂಗಡ ಪಡೆದು ತರಕಾರಿ ಹಾಕುವುದು ಬೇರೆ. ಕಾಲುವೆ ಒಂದು ತಿಂಗಳು ಬರದಿದ್ದರೂ ಕೊಳವೆಬಾವಿಯೋ ಕೃಷಿಹೊಂಡವೋ ಎಷ್ಟು ಗುಂಟೆಯನ್ನು ಉಳಿಸಿಕೊಳ್ಳಬಲ್ಲದು ಎಂದು ನೋಡಿ, ಅಷ್ಟು ಗುಂಟೆಗೆ ಹೊಂದುವಷ್ಟೇ ಮನೆಗಳನ್ನು ಹಿಡಿಯಬೇಕು. ಕುಷ್ಟಗಿ, ಯಲಬುರ್ಗಾದಂತಹ ಒಣಭೂಮಿಯಲ್ಲಿ ಕೊಳವೆಬಾವಿಯೊಂದೇ ದಿಕ್ಕಾಗಿರುವುದರಿಂದ ಅಲ್ಲಿನವರು ಮಾರ್ಚ್ ತಿಂಗಳಲ್ಲಿ ಬಾವಿ ಎಷ್ಟು ಹೊತ್ತು ನಿಲ್ಲದೆ ನೀರೆತ್ತುತ್ತದೆ ಎಂಬುದನ್ನೇ ಅಳತೆಯಾಗಿಟ್ಟುಕೊಳ್ಳುವುದು ಒಳ್ಳೆಯದು.

ಈ ಎಲ್ಲವನ್ನೂ ತೂಗಿ ನೋಡಿದರೆ ಸ್ವಂತ ಹೊಲವನ್ನೇ ನಂಬಿದವರಿಗೆ ಹಂಗಾಮಿನ ಬುಟ್ಟಿಯೇ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹದಿನಾರು ವಾರ ಕೊಟ್ಟು, ನಿಲ್ಲಿಸುವ ದಿನವನ್ನು ಮೊದಲೇ ಹೇಳಿ, ಮುಂದಿನ ನವೆಂಬರಿಗೆ ಹೆಸರು ಬರೆದುಕೊಂಡರೆ ಮನೆಗಳು ಕಾಯುತ್ತವೆ. ಹೇಳದೆ ಕೇಳದೆ ಏಪ್ರಿಲಿನಲ್ಲಿ ಬುಟ್ಟಿ ಸೊರಗುತ್ತಾ ಹೋದರೆ ಅದೇ ಮನೆಗಳು ಮರಳುವುದಿಲ್ಲ. ವರ್ಷವಿಡೀ ಕೊಡುವ ದಾರಿ ಹೊಂದುವುದು ಐದಾರು ರೈತರು ಬೇರೆ ಬೇರೆ ನೀರಿನ ಮೂಲಗಳೊಂದಿಗೆ ಒಟ್ಟಾಗಿರುವ ಕಡೆ, ಅಥವಾ ಬೇಸಿಗೆಯಲ್ಲಿ ಅರ್ಧ ಬುಟ್ಟಿಯನ್ನು ಪೇಟೆಯಿಂದ ಕೊಂಡು ತುಂಬುತ್ತೇವೆ ಎಂದು ಮೊದಲೇ ಹೇಳಿ ವ್ಯಾಪಾರ ಮಾಡುವವರಿಗೆ.

ಬುಟ್ಟಿಯಲ್ಲಿ ಏನಿರಬೇಕೆಂದು ಗಿರಾಕಿಯೇ ಆರಿಸಬಹುದೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ನಲವತ್ತು ಮನೆಗಳು ನಲವತ್ತು ಬಗೆಯಲ್ಲಿ ಆರಿಸಿದರೆ ಬಿತ್ತನೆಯ ಲೆಕ್ಕವೇ ಮುರಿದುಬೀಳುತ್ತದೆ, ಬುಟ್ಟಿ ತುಂಬಲು ಮೂರುಪಟ್ಟು ಹೊತ್ತು ಹಿಡಿಯುತ್ತದೆ. ಬುಟ್ಟಿಯ ಪಟ್ಟಿಯನ್ನು ಬೆಳೆದವರೇ ನಿರ್ಧರಿಸಿ, ಮನೆಯವರಿಗೆ ಒಂದು ಬದಲಾವಣೆಯ ಅವಕಾಶ ಕೊಡುವುದು ಸಾಕು: ಹಾಗಲಕಾಯಿ ಬೇಡದ ಮನೆ ಹೆಸರು ಬರೆಸುವಾಗಲೇ ಅದನ್ನು ಹೇಳಿಬಿಡಲಿ, ಅವರಿಗೆ ಹದಿನಾರೂ ವಾರ ಅದರ ಬದಲು ಚವಳಿಕಾಯಿ ಹೋಗಲಿ.

ತಿಂಗಳ ಡಬ್ಬಿ: ಮಾಡುವುದಕ್ಕಿಂತ ಮುಗಿಯುವುದು ಮುಖ್ಯ

ತಿನಿಸಿನ ಡಬ್ಬಿಗೆ ನಮ್ಮ ಸೀಮೆಯ ಸಾಮಾನು ಬಹಳ ಅನುಕೂಲಕರವಾಗಿದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಮತ್ತು ಅಗಸಿ ಪುಡಿಗಳು, ಖಾರದ ಚುರುಮುರಿ, ಚಕ್ಕಲಿ, ಶೇಂಗಾ ಉಂಡಿ: ಇವೆಲ್ಲ ದಿನಗಟ್ಟಲೆ ಉಳಿಯುವ ಪದಾರ್ಥಗಳು, ಕಚ್ಚಾ ಸಾಮಾನೂ ಸುತ್ತಮುತ್ತಲೇ ಸಿಗುತ್ತದೆ. ಹಿಂಗಾರಿ ಬಿಳಿಜೋಳ ಫೆಬ್ರುವರಿ, ಮಾರ್ಚ್‌ನಲ್ಲಿ ಕೈಗೆ ಬಂದಾಗ ಒಣಗಿಸಿ, ಬೇವಿನ ಸೊಪ್ಪು ಹಾಕಿ ಚೀಲ ಕಟ್ಟಿದರೆ ವರ್ಷದ ಹಿಟ್ಟಿನ ಚಿಂತೆ ಇಲ್ಲ. ಒಣ ಮೆಣಸಿನಕಾಯಿಯನ್ನೂ ಪೇಟೆಗೆ ಹೊಸ ಮಾಲು ಬರುವ ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಒಟ್ಟಿಗೆ ಕೊಳ್ಳಬಹುದು. ಶೇಂಗಾ ಮಾತ್ರ ಹಾಗಲ್ಲ. ಬೀಜ ಬಿಡಿಸಿಟ್ಟ ಶೇಂಗಾ ಬಿಸಿಲುಗಾಲದಲ್ಲಿ ಬೇಗ ಕಮಟು ಹಿಡಿಯುತ್ತದೆ, ಆದ್ದರಿಂದ ಸಿಪ್ಪೆಸಮೇತ ಕಾಯಿಯನ್ನೇ ಕೊಂಡಿಟ್ಟು ತಿಂಗಳಿಗೆ ಬೇಕಾದಷ್ಟೇ ಒಡೆಸಬೇಕು. ಒಡೆಸಿದಾಗ ಸುಕ್ಕಾದ, ಬಣ್ಣಗೆಟ್ಟ, ಬೂಸ್ಟು ಕಂಡ ಬೀಜಗಳನ್ನು ಆರಿಸಿ ಎಸೆಯಬೇಕು. ಆ ಬೂಸ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಪುಡಿಯಾದ ಮೇಲೆ ಕಣ್ಣಿಗೂ ಕಾಣುವುದಿಲ್ಲ.

ಅರವತ್ತು ಮನೆಗಳಿಗೆ ತಲಾ ಇಪ್ಪತ್ತು ರೊಟ್ಟಿ ಎಂದರೆ ಸಾವಿರದ ಇನ್ನೂರು ರೊಟ್ಟಿ. ಬಡಿದು, ಬೇಯಿಸಿ, ಕೆಂಡದ ಪಕ್ಕ ಒರಗಿಸಿ ಕಡಕ್ ಮಾಡುವುದನ್ನು ಸೇರಿಸಿ ಒಬ್ಬರು ದಿನಕ್ಕೆ ನೂರೈವತ್ತು ಮಾಡುತ್ತಾರೆಂದು ಹಿಡಿದರೆ, ನಾಲ್ಕು ಮಂದಿಗೆ ಎರಡು ದಿನದ ಕೆಲಸ. ಅದರ ಜೊತೆಗೆ ಚಕ್ಕಲಿ, ಉಂಡಿ, ಪುಡಿಗಳು ಸೇರಿದರೆ ತಿಂಗಳ ಕೊನೆಯ ನಾಲ್ಕೈದು ದಿನ ಸಂಘದವರು ಒಲೆ ಬಿಟ್ಟು ಏಳುವಂತಿಲ್ಲ, ಉಳಿದ ಇಪ್ಪತ್ತೈದು ದಿನ ಕೆಲಸವಿಲ್ಲ. ಬೆಂಡೆಯ ವಿಷಯದಲ್ಲಿ ಹೇಳಿದ ಹಂಚಿಕೆಯೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ: ಮೂವತ್ತು ಮನೆಗಳಿಗೆ ಒಂದನೇ ತಾರೀಖು, ಮೂವತ್ತು ಮನೆಗಳಿಗೆ ಹದಿನೈದನೇ ತಾರೀಖು. ಸಂಬಳದ ಕಾಲೊನಿಗಳನ್ನು ಒಂದನೇ ತಾರೀಖಿಗೆ, ಅಂಗಡಿ ವ್ಯಾಪಾರದ ಮನೆಗಳನ್ನು ಹದಿನೈದಕ್ಕೆ ಇಟ್ಟರೆ ಹಣವೂ ಸಲೀಸಾಗಿ ಬರುತ್ತದೆ.

ಡಬ್ಬಿಯ ಆಯಸ್ಸನ್ನು ಊಹೆಯಿಂದ ಬರೆಯಬಾರದು. ಪ್ರತಿ ಸಲ ಮಾಡಿದ ಪ್ರತಿ ತಿನಿಸಿನ ಒಂದು ಪೊಟ್ಟಣವನ್ನು, ಮನೆಗಳಿಗೆ ಹೋದ ಪೊಟ್ಟಣದಂತೆಯೇ ಕಟ್ಟಿ, ಅಡುಗೆಮನೆಯ ಕಪಾಟಿನಲ್ಲೇ ದಿನಾಂಕ ಬರೆದು ಇಡಬೇಕು. ಮೂವತ್ತನೆಯ ದಿನ ಒಂದು, ನಲವತ್ತೈದನೆಯ ದಿನ ಇನ್ನೊಂದು ತೆರೆದು ನೋಡಬೇಕಾದ್ದರಿಂದ ಎರಡೆರಡು ಇಟ್ಟರೆ ಇನ್ನೂ ಒಳ್ಳೆಯದು. ಮೇ ತಿಂಗಳಲ್ಲಿ ಕೆಡುವುದು ಎಣ್ಣೆ: ಚಕ್ಕಲಿ ಗರಿಗರಿಯಾಗಿಯೇ ಇರುತ್ತದೆ, ಆದರೆ ಮೂಗಿಗೆ ಹಿಡಿದರೆ ಹಳೆಯ ಎಣ್ಣೆಯ ವಾಸನೆ ಬರುತ್ತದೆ. ಆಗಸ್ಟಿನಲ್ಲಿ ಕೆಡುವುದು ಗರಿ: ವಾಸನೆ ಚೆನ್ನಾಗಿರುತ್ತದೆ, ರೊಟ್ಟಿ ಮತ್ತು ಚುರುಮುರಿ ಮೆತ್ತಗಾಗಿರುತ್ತವೆ. ಈ ಎರಡು ಬಗೆಯ ಕೆಡುಕಿಗೆ ಮದ್ದು ಬೇರೆ ಬೇರೆ. ಬೇಸಿಗೆಯಲ್ಲಿ ಕರಿದ ತಿನಿಸು ಕಡಿಮೆ ಮಾಡಿ ರೊಟ್ಟಿ ಮತ್ತು ಪುಡಿಗಳನ್ನು ಹೆಚ್ಚಿಸಬೇಕು, ಮಳೆಗಾಲದಲ್ಲಿ ದೊಡ್ಡ ಪೊಟ್ಟಣದ ಬದಲು ಒಂದೊಂದು ವಾರಕ್ಕೆ ಸಾಲುವ ಚಿಕ್ಕ ಪೊಟ್ಟಣಗಳನ್ನು ಬಿಗಿಯಾಗಿ ಕಟ್ಟಬೇಕು.

ಇನ್ನು ಗಿರಾಕಿಯ ಅಡುಗೆಮನೆ. ಹೊಸ ಡಬ್ಬಿ ಕೊಡುವಾಗ ಹೋದ ತಿಂಗಳಿನದರಲ್ಲಿ ಏನು ಉಳಿದಿದೆ ಎಂದು ಪ್ರತಿ ಮನೆಯಲ್ಲೂ ಕೇಳಿ ಬರೆದುಕೊಳ್ಳಬೇಕು. ‘ರುಚಿ ಹೇಗಿತ್ತು’ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಎಂದೇ ಹೇಳುತ್ತಾರೆ, ‘ಚಕ್ಕಲಿ ಮುಗಿಯಿತೇನವ್ವಾ’ ಎಂದು ಕೇಳಿದರೆ ನಿಜ ಗೊತ್ತಾಗುತ್ತದೆ. ಅರ್ಧದಷ್ಟು ಮನೆಗಳಲ್ಲಿ ಒಂದೇ ತಿನಿಸು ಉಳಿದಿದ್ದರೆ ಅದರ ತೂಕ ಕಡಿಮೆ ಮಾಡಬೇಕು. ಕೆಲವು ಮನೆಗಳಲ್ಲಿ ಎಲ್ಲವೂ ಉಳಿಯುತ್ತಿದ್ದರೆ ಅವರನ್ನು ಎರಡು ತಿಂಗಳಿಗೊಂದು ಡಬ್ಬಿಗೆ ನಾವೇ ಬದಲಾಯಿಸಿ ಕೊಡಬೇಕು. ಹಾಗೆ ಮಾಡದಿದ್ದರೆ ಮೂರನೆಯ ತಿಂಗಳಿಗೆ ಅವರು ‘ಸದ್ಯಕ್ಕೆ ಬೇಡ’ ಎನ್ನುತ್ತಾರೆ, ಮತ್ತೆ ಸೇರುವುದಿಲ್ಲ.

ಹೊಲದಿಂದ ನೇರವಾಗಿ ಕೊಡುವ ಹಸಿ ತರಕಾರಿಗೆ ಇಲ್ಲದ ಒಂದು ಜವಾಬ್ದಾರಿ ಡಬ್ಬಿಗಿದೆ. ತಯಾರಿಸಿ ಪೊಟ್ಟಣ ಕಟ್ಟಿ ಮಾರುವ ತಿನಿಸಿಗೆ ಎಫ್‌.ಎಸ್‌.ಎಸ್‌.ಎ.ಐ. ನೋಂದಣಿ ಬೇಕು, ಪೊಟ್ಟಣದ ಮೇಲೆ ಆ ಸಂಖ್ಯೆ, ಬಳಸಿದ ಪದಾರ್ಥಗಳು, ನಿವ್ವಳ ತೂಕ, ತಯಾರಿಸಿದ ದಿನಾಂಕ, ಯಾವಾಗಿನವರೆಗೆ ಬಳಸಬಹುದು ಎಂಬುದು, ತಯಾರಿಸಿದವರ ವಿಳಾಸ ಇರಬೇಕು. ಶೇಂಗಾ ಕೆಲವರಿಗೆ ಆಗಿಬರುವುದಿಲ್ಲವಾದ್ದರಿಂದ ಪುಡಿಗಳ ಮೇಲೆ ಅದನ್ನು ಎದ್ದು ಕಾಣುವಂತೆ ಬರೆಯಬೇಕು.

ಹಣ, ಬಿಡುವು, ಓಡಾಟ

ಮೂರೂ ದಾರಿಗಳಲ್ಲಿ ಹಣ ಮುಂಗಡವಾಗಿ ಬರಬೇಕು. ಬುಟ್ಟಿಗೆ ನಾಲ್ಕು ವಾರದ್ದು ಒಟ್ಟಿಗೆ, ಡಬ್ಬಿಗೆ ಆಯಾ ತಿಂಗಳಿನದು. ಬುಟ್ಟಿಗೆ 280 ರೂಪಾಯಿ ಎಂದಿಟ್ಟರೆ ನಾಲ್ಕು ವಾರಕ್ಕೆ 1,120 ರೂಪಾಯಿ. ಯು.ಪಿ.ಐ. ಆಟೊಪೇ ಮೂಲಕ ಪ್ರತಿ ತಿಂಗಳು ತಾನಾಗಿಯೇ ಹಣ ಬರುವ ಏರ್ಪಾಡಿದೆ, ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಮೊತ್ತಕ್ಕೆ ಗಿರಾಕಿ ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಆದರೆ ಅದನ್ನು ಸ್ವೀಕರಿಸಲು ಮಾರುವವರು ಪಾವತಿ ಕಂಪನಿಯೊಂದರಲ್ಲಿ ವ್ಯಾಪಾರಿ ಖಾತೆ ತೆರೆಯಬೇಕು, ಆ ಕಂಪನಿ ತನ್ನ ಪಾಲು ಕತ್ತರಿಸಿಕೊಳ್ಳುತ್ತದೆ. ನಲವತ್ತು ಮನೆಗಳಿಗೆ ಅದರ ಅಗತ್ಯವಿಲ್ಲ, ಒಂದನೇ ತಾರೀಖು ಕ್ಯೂಆರ್ ಚಿತ್ರ ಕಳುಹಿಸಿ ನೆನಪಿಸಿದರೆ ಸಾಕು. ಮನೆಗಳು ನೂರನ್ನು ದಾಟಿ, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂದು ಹುಡುಕುವುದೇ ಒಂದು ದಿನದ ಕೆಲಸವಾದಾಗ ಆಟೊಪೇ ಯೋಚಿಸಬಹುದು.

ಊರಿಗೆ ಹೋಗುವ ಮನೆಗಳಿಗೆ ಬಿಡುವು ಕೊಡಲೇಬೇಕು, ಆದರೆ ಬಿಡುವಿನ ಮಾತು ಕೊಯ್ಲಿನ ಮೊದಲು ತಲುಪಬೇಕು. ಶನಿವಾರದ ಬುಟ್ಟಿ ಬೇಡವೆಂದರೆ ಗುರುವಾರ ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಬೇಕು, ಆ ವಾರದ ಹಣ ಮುಂದಿನ ವಾರಕ್ಕೆ ಸೇರುತ್ತದೆ, ಹಂಗಾಮಿನಲ್ಲಿ ಎರಡು ಸಲ ಮಾತ್ರ ಎಂದು ಹೆಸರು ಬರೆಸುವಾಗಲೇ ಹೇಳಿದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಸಂಕ್ರಾಂತಿಯ ವಾರ ಬಹಳ ಮನೆಗಳು ಒಟ್ಟಿಗೆ ಬಿಡುವು ಕೇಳುತ್ತವೆ. ಬೆಂಡೆ ಕಡಿಮೆಯಾಗುವ ವಾರವೂ ಅದೇ ಆಗಿರುವುದು ಒಂದು ಅನುಕೂಲ.

ಓಡಾಟದ ಖರ್ಚಿನಲ್ಲಿ ಮಾತ್ರ ತಿಂಗಳ ಡಬ್ಬಿ ನಿರ್ವಿವಾದವಾಗಿ ಮೇಲು. ಒಂದು ಮನೆಗೆ ಒಂದು ಸಲ ತಲುಪಿಸಲು 25 ರೂಪಾಯಿ ತಗುಲುವುದಾದರೆ ಬುಟ್ಟಿಗೆ ತಿಂಗಳಿಗೆ 100 ರೂಪಾಯಿ, ಡಬ್ಬಿಗೆ 25 ರೂಪಾಯಿ. ಹೀಗಾಗಿ ದೂರದ ಊರಿನ ಗಿರಾಕಿಗಳಿಗೆ ಡಬ್ಬಿ ಹೊಂದುತ್ತದೆ, ಬುಟ್ಟಿ ಹೊಂದುವುದಿಲ್ಲ. ಸಿಂಧನೂರಿನ ಸಂಘ ರಾಯಚೂರಿಗೆ ಡಬ್ಬಿಗಳನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸಬಹುದು, ಮೆಂತ್ಯದ ಸಿವುಡನ್ನು ಹಾಗೆ ಕಳುಹಿಸಲಾಗದು.

ಯಾರು ಯಾವುದನ್ನು ಆರಿಸಬೇಕು

ಹೊಲ ನಗರದಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿದ್ದು, ಸ್ವಂತ ನೀರಿದ್ದು, ಮನೆಯಲ್ಲಿ ಬಿತ್ತನೆಯ ಡೈರಿ ಇಡುವವರು ಒಬ್ಬರಿದ್ದರೆ ಹಂಗಾಮಿನ ಬುಟ್ಟಿಯನ್ನು ಆರಿಸಿಕೊಳ್ಳಬಹುದು. ಕಾಲುವೆ ನೀರೊಂದೇ ಇರುವವರು, ಹೊಲವೇ ಇಲ್ಲದ ಸಂಘಗಳು, ದೂರದ ಊರಿನವರು ಡಬ್ಬಿಯಿಂದ ಆರಂಭಿಸಬೇಕು. ನೀರಿನ ಮೂಲ ಹಲವಾರಿರುವ ಗುಂಪುಗಳು ಮಾತ್ರ ವರ್ಷವಿಡೀ ಬುಟ್ಟಿಯ ಮಾತು ಎತ್ತಬಹುದು, ಅದೂ ಎರಡು ಹಂಗಾಮು ತಪ್ಪದೆ ಕೊಟ್ಟು ನೋಡಿದ ನಂತರ.

ರೈತ ಮನೆತನ ಮತ್ತು ಪಕ್ಕದ ಸಂಘ ಒಂದೇ ಗಿರಾಕಿ ಪಟ್ಟಿಯನ್ನು ಹಂಚಿಕೊಂಡು ಎರಡನ್ನೂ ನಡೆಸುವುದು ನಮ್ಮ ಕಡೆಗೆ ಹೇಳಿ ಮಾಡಿಸಿದಂತಹ ವ್ಯವಸ್ಥೆ. ಫೆಬ್ರುವರಿ ಕೊನೆಗೆ ಬುಟ್ಟಿ ನಿಂತಾಗ ಅದೇ ಮನೆಗಳಿಗೆ ಹೊಸ ಜೋಳದ ರೊಟ್ಟಿ ಮತ್ತು ಪುಡಿಗಳ ಡಬ್ಬಿ ಹೋಗಲು ಶುರುವಾಗುತ್ತದೆ, ಅಕ್ಟೋಬರ್ ಡಬ್ಬಿಯೊಳಗೆ ನವೆಂಬರ್ ಬುಟ್ಟಿಗೆ ಹೆಸರು ಬರೆಸುವ ಚೀಟಿ ಇರುತ್ತದೆ. ಹಾಗೆ ಮಾಡುವವರು ಜುಲೈ ತಿಂಗಳ ಡಬ್ಬಿ ಕೊಡುವಾಗಲೇ ಮನೆಮನೆಯಲ್ಲೂ ಈ ವರ್ಷ ಬುಟ್ಟಿ ಬೇಕೇ ಎಂದು ಬಾಯಿಮಾತಿನಲ್ಲಿ ಕೇಳಿಕೊಂಡು ಬರಲಿ. ಬೇಕೆಂದವರಲ್ಲಿ ಮುಕ್ಕಾಲು ಪಾಲನ್ನು ಮಾತ್ರ ನಂಬಿ, ಅಷ್ಟು ಮನೆಗಳ ಲೆಕ್ಕಕ್ಕೆ ಆ ತಿಂಗಳ ಕೊನೆಯ ವಾರ ಬದನೆ ಮತ್ತು ಟೊಮೆಟೊ ಬೀಜವನ್ನು ಮಡಿಗೆ ಹಾಕಬಹುದು.